ಒಂದು ಹುದ್ದೆ, ನೂರು ಅರ್ಜಿ: ಶೀಟಿನಲ್ಲಿ ಅಂಕ ಹಾಕಿ ಸ್ಥಾನ ಕೊಡುವುದು ಹೇಗೆ?

ತುಂಗಾದಡ

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘದಲ್ಲಿ ಲೆಕ್ಕಪತ್ರ ಸಹಾಯಕರ ಒಂದು ಹುದ್ದೆ ಖಾಲಿ ಇದೆ. ಅರ್ಜಿ ಬಂದಿರುವುದು ಸರಿಯಾಗಿ 100. ಸುಮಾರು 40 ಅಂಚೆಯಲ್ಲಿ ಬಂದಿವೆ, ಉಳಿದವು ಇಮೇಲ್‌ನಲ್ಲಿ ಮತ್ತು ವಾಟ್ಸಾಪ್ ಫೋಟೋಗಳಾಗಿ. ಸಂದರ್ಶನಕ್ಕೆ 12 ಜನರನ್ನು ಕರೆಯಬಹುದು ಎಂದು ಆಡಳಿತ ಮಂಡಳಿ ಹೇಳಿದೆ.

ಪ್ರಕಟಣೆಯಲ್ಲಿ ಕೇಳಿದ್ದು ಆರು: ಬಿಕಾಂ ಪದವಿ, ಕನ್ನಡ ಓದು-ಬರಹ, ಟ್ಯಾಲಿ, ಜಿಎಸ್‌ಟಿ ರಿಟರ್ನ್ ಸಲ್ಲಿಸಿದ ಅಭ್ಯಾಸ, ಅಡಿಕೆ ಮಂಡಿ ಅಥವಾ ಸಹಕಾರ ಸಂಘದ ಲೆಕ್ಕದ ಪರಿಚಯ, ಮತ್ತು ಕೆಲಸದ ಅನುಭವ. ಗೂಗಲ್ ಶೀಟ್ಸ್‌ನಲ್ಲಿ ಆರು ಕಾಲಂ ಮಾಡಿ, ಇದ್ದರೆ 1, ಇಲ್ಲದಿದ್ದರೆ 0 ಹಾಕಿ, ಕೊನೆಯಲ್ಲಿ ಕೂಡಿಸಿದ್ದೇನೆ. ಮೊದಲ 50 ಅರ್ಜಿ ಮುಗಿದಿವೆ. ಅದರಲ್ಲಿ 9 ಜನಕ್ಕೆ 6 ಬಂದಿದೆ, 17 ಜನಕ್ಕೆ 5. ಈ 26 ಜನರಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ಹೇಳುವುದು ಹೇಗೆ? ಇನ್ನೂ 50 ಬಾಕಿ ಇವೆ.

---

ಸಾಗರದಿಂದ

ಅಷ್ಟೆಲ್ಲ ಕೂತು ಓದುವ ಅಗತ್ಯವೇ ಇಲ್ಲ. ಪ್ರತಿ ರೆಸ್ಯೂಮಿನ ಪಠ್ಯವನ್ನು ಕಾಪಿ ಮಾಡಿ ಒಂದೊಂದು ಸೆಲ್‌ಗೆ ಹಾಕಿ. ಪಠ್ಯ `P` ಕಾಲಂನಲ್ಲಿ ಇದೆ ಅಂದುಕೊಳ್ಳಿ:

```
=IF(ISNUMBER(SEARCH("tally",P5)),1,0)
```

`SEARCH` ದೊಡ್ಡಕ್ಷರ ಸಣ್ಣಕ್ಷರ ನೋಡುವುದಿಲ್ಲ. ಕೆಳಗೆ ಎಳೆದರೆ ನೂರಕ್ಕೂ ಅಂಕ ಒಂದೇ ಸಲಕ್ಕೆ ಬರುತ್ತದೆ. ಆರು ಪದಕ್ಕೆ ಆರು ಕಾಲಂ, ಹತ್ತು ನಿಮಿಷದ ಕೆಲಸ.

---

ಮಂಡಿಲೆಕ್ಕ

@ಸಾಗರದಿಂದ ಸೂತ್ರ ಸರಿ ಇದೆ, ಆದರೆ ಈ ನೂರು ಅರ್ಜಿಗೆ ಅದು ನಿಲ್ಲುವುದಿಲ್ಲ. ಅಂಚೆಯಲ್ಲಿ ಬಂದ 40ರಲ್ಲಿ, ವಾಟ್ಸಾಪ್ ಫೋಟೋಗಳಲ್ಲಿ ಕಾಪಿ ಮಾಡಲು ಪಠ್ಯವೇ ಇಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಕೂಡ ಫೋಟೋ ಇದ್ದ ಹಾಗೆಯೇ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಅರ್ಜಿಯನ್ನು ಕಾಪಿ ಮಾಡಿದರೆ ಶೀಟಿನಲ್ಲಿ ಬೀಳುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಅದರಲ್ಲಿ "ಟ್ಯಾಲಿ" ಎಂದು ಹುಡುಕಿದರೆ ಸಿಗುವುದಿಲ್ಲ. ಈ ಎಲ್ಲರಿಗೂ ಸೂತ್ರ ಸದ್ದಿಲ್ಲದೆ 0 ಕೊಡುತ್ತದೆ. ಎರರ್ ಬಂದಿದ್ದರೆ ಕಣ್ಣಿಗಾದರೂ ಬೀಳುತ್ತಿತ್ತು.

ಪಠ್ಯ ಸಿಕ್ಕಿದ ಅರ್ಜಿಗಳಲ್ಲೂ ತಪ್ಪಾಗುತ್ತದೆ. `totally` ಎಂಬ ಪದದ ಒಳಗೆ `tally` ಇದೆ, `digitally` ಒಳಗೂ ಇದೆ. "I am totally committed" ಎಂದು ಬರೆದವರಿಗೆ ಟ್ಯಾಲಿಯ 1 ಅಂಕ ಬಂದುಬಿಡುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಇದನ್ನು ತಡೆಯಬಹುದು:

```
=IF(REGEXMATCH(P5,"(?i)\btally"),1,0)
```

`\b` ಇರುವುದರಿಂದ ಪದದ ಆರಂಭದಲ್ಲೇ ಟ್ಯಾಲಿ ಇರಬೇಕು. ಕೊನೆಯಲ್ಲಿ `\b` ಹಾಕಬೇಡಿ, ಹಾಕಿದರೆ `TallyPrime` ಎಂದು ಸೇರಿಸಿ ಬರೆದವರು ತಪ್ಪಿಹೋಗುತ್ತಾರೆ. ಹಾಗಿದ್ದರೂ "Interested in learning Tally" ಎಂದವರಿಗೂ, ನಾಲ್ಕು ವರ್ಷ ಟ್ಯಾಲಿಯಲ್ಲೇ ಕೆಲಸ ಮಾಡಿದವರಿಗೂ ಇದು ಕೊಡುವುದು ಅದೇ 1.

ಪದ ಹುಡುಕುವ ಸೂತ್ರವನ್ನು ಕಣ್ಣಿನಿಂದ ಹಾಕಿದ ಅಂಕದ ಜೊತೆ ತಾಳೆ ನೋಡಲು ಇಟ್ಟುಕೊಳ್ಳಿ. ನೀವು 0 ಹಾಕಿದ ಕಡೆ ಸೂತ್ರ 1 ತೋರಿಸಿದರೆ ಆ ಅರ್ಜಿಯನ್ನು ಇನ್ನೊಮ್ಮೆ ತೆರೆಯಿರಿ. ಅಷ್ಟಕ್ಕೆ ಅದು ನಿಜವಾಗಿ ಉಪಯೋಗ.

ಒಂದು ಅರ್ಜಿಗೆ ಮೂರು ನಿಮಿಷ ಹಿಡಿದರೆ ನೂರಕ್ಕೆ 300 ನಿಮಿಷ, ಐದು ಗಂಟೆ. ಎರಡು ಸಂಜೆಯ ಕೆಲಸ. ಒಬ್ಬರ ಉದ್ಯೋಗದ ಪ್ರಶ್ನೆಗೆ ಇದು ಹೆಚ್ಚಲ್ಲ.

ಈಗ @ತುಂಗಾದಡ ಅವರ ಮೂಲ ಪ್ರಶ್ನೆ. ಆರು ಕಾಲಂ, ಪ್ರತಿಯೊಂದರಲ್ಲಿ 0 ಅಥವಾ 1. ಬರಬಹುದಾದ ಮೊತ್ತ 0ರಿಂದ 6, ಅಂದರೆ ಏಳೇ ಏಳು. ನೂರು ಜನರನ್ನು ಏಳು ಮೆಟ್ಟಿಲ ಮೇಲೆ ನಿಲ್ಲಿಸಿದರೆ ಒತ್ತಾಗದೆ ಇನ್ನೇನಾಗುತ್ತದೆ? ಅದರ ಜೊತೆಗೆ ಬಿಕಾಂ ಮತ್ತು ಕನ್ನಡ ಎರಡೂ ಹೆಚ್ಚಿನವರಿಗೆ ಇದ್ದೇ ಇರುತ್ತವೆ, ಅವು ಎಲ್ಲರಿಗೂ ಎರಡೆರಡು ಅಂಕ ಕೊಟ್ಟು ಸುಮ್ಮನಾಗುತ್ತವೆ.

ಮಾಡಬೇಕಾದದ್ದು ಎರಡು. ಬಿಕಾಂ, ಕನ್ನಡ ಎರಡನ್ನೂ ಅಂಕದಿಂದ ತೆಗೆದು ಬಾಗಿಲು ಮಾಡಿ: ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಉಳಿದ ನಾಲ್ಕಕ್ಕೆ 0, 1, 2 ಅಂಕ ಕೊಟ್ಟು, ಪ್ರತಿ ಕಾಲಂಗೆ ಒಂದು ತೂಕ ಇಡಿ. ಬಾಗಿಲನ್ನು ಅಂಕದ ಜೊತೆ ಬೆರೆಸಿದರೆ ಪದವಿಯೇ ಇಲ್ಲದವರು ಟ್ಯಾಲಿ, ಮಂಡಿ ಅಂಕದ ಬಲದ ಮೇಲೆ ಹತ್ತನೇ ಸ್ಥಾನಕ್ಕೆ ಬಂದು ಕೂರುತ್ತಾರೆ. ಸಂದರ್ಶನದ ದಿನ ಮೂಲ ಪ್ರಮಾಣಪತ್ರ ಕೇಳಿದಾಗ ಇಬ್ಬರಿಗೂ ಮುಜುಗರ.

---

ತುಂಗಾದಡ

0, 1, 2 ಅಂದರೆ ಏನು ಲೆಕ್ಕ? ಇಬ್ಬರು ಕೂತು ಅಂಕ ಹಾಕುವುದು ಅಂತ ಇದೆ. ನನಗೆ 2 ಅನಿಸಿದ್ದು ಇನ್ನೊಬ್ಬರಿಗೆ 1 ಅನಿಸಬಹುದು.

---

ಮಂಡಿಲೆಕ್ಕ

ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ಸೂತ್ರಕ್ಕಿಂತ ಇದು ಮುಖ್ಯ. ಅಂಕ ಹಾಕುವ ಮೊದಲು ಬೇರೆ ಹಾಳೆಯಲ್ಲಿ ನಾಲ್ಕು ಸಾಲು ಬರೆದಿಡಿ. ಜಿಎಸ್‌ಟಿ ಕಾಲಂಗೆ ಉದಾಹರಣೆ:

ಅರ್ಜಿಯಲ್ಲಿ ಜಿಎಸ್‌ಟಿ ಮಾತೇ ಇಲ್ಲದಿದ್ದರೆ, ಅಥವಾ ಪದವಿಯ ಪಾಠಪಟ್ಟಿಯಲ್ಲಿ ಓದಿದ್ದೇನೆ ಎಂದಷ್ಟೇ ಇದ್ದರೆ 0. "ಜಿಎಸ್‌ಟಿ ಬರುತ್ತದೆ", "ತರಬೇತಿ ಪಡೆದಿದ್ದೇನೆ" ಎಂದಿದ್ದರೆ 1. ಎಲ್ಲಿ, ಯಾವಾಗ, ಏನು ಮಾಡಿದ್ದು ಎಂದು ತಿಳಿದರೆ 2. ಇಂಥ ಅಂಗಡಿಯಲ್ಲಿ 2021ರಿಂದ ತಿಂಗಳಿಗೆ ಇಷ್ಟು ಕಕ್ಷಿದಾರರ ಜಿಎಸ್‌ಟಿಆರ್-1, 3ಬಿ ಸಲ್ಲಿಸಿದ್ದೇನೆ ಎಂದು ಬರೆದವರು 2ಕ್ಕೆ ಅರ್ಹರು. ಜಿಎಸ್‌ಟಿ ಬಂದಿದ್ದೇ 2017ರ ಜುಲೈನಲ್ಲಿ. "ಜಿಎಸ್‌ಟಿಯಲ್ಲಿ 12 ವರ್ಷ" ಎಂದು ಕಂಡರೆ ಅದು ವ್ಯಾಟ್ ಕಾಲವನ್ನೂ ಸೇರಿಸಿ ಬರೆದದ್ದು. ಸುಳ್ಳು ಎಂದುಕೊಳ್ಳಬೇಡಿ, ಆದರೆ ಕೇಳಿ ನೋಡಿ.

ಮಂಡಿ ಕಾಲಂ ಕೂಡ ಹೀಗೇ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬಗೆಗೊಂದು ದರದಲ್ಲಿ ಸದಸ್ಯರ ಖಾತೆಗೆ ಜಮಾ ಹಾಕಿದ ಕೆಲಸ ಕಂಡರೆ 2. ಬೇರೆ ಯಾವುದೋ ಸಹಕಾರ ಸಂಘದಲ್ಲಿ ನಗದು ಪುಸ್ತಕ ಬರೆದಿದ್ದರೆ 1.

ಈಗ ಶೀಟು. `A` ಕ್ರಮಸಂಖ್ಯೆ, `B` ಹೆಸರು, `C` ಫೋನ್, `D` ಬಿಕಾಂ, `E` ಕನ್ನಡ, `F` ಟ್ಯಾಲಿ, `G` ಜಿಎಸ್‌ಟಿ, `H` ಮಂಡಿ, `I` ಅನುಭವ. 1ನೇ ಸಾಲಿನಲ್ಲಿ ತಲೆಬರಹ. 2ನೇ ಸಾಲಿನಲ್ಲಿ ತೂಕ: ಟ್ಯಾಲಿ 3, ಜಿಎಸ್‌ಟಿ 3, ಮಂಡಿ 2, ಅನುಭವ 2. 3ನೇ ಸಾಲು ಸದ್ಯಕ್ಕೆ ಖಾಲಿ ಬಿಡಿ, ಆಮೇಲೆ ಬೇಕಾಗುತ್ತದೆ. 4ನೇ ಸಾಲು ಪರೀಕ್ಷೆಗೆ. ಅರ್ಜಿಗಳು 5ರಿಂದ 104ರವರೆಗೆ. ಮೊದಲ ನಾಲ್ಕು ಸಾಲನ್ನು `Freeze` ಮಾಡಿ.

`K5`ರಲ್ಲಿ ಅಂಕ:

```
=SUMPRODUCT($F$2:$I$2,F5:I5)
```

ತೂಕದ ಸಾಲಿಗೆ ಡಾಲರ್ ಗುರುತು ಬೇಕೇಬೇಕು. ಇಲ್ಲದಿದ್ದರೆ ಸೂತ್ರವನ್ನು ಕೆಳಗೆ ಎಳೆದಾಗ ತೂಕವೂ ಒಂದೊಂದು ಸಾಲು ಜಾರುತ್ತದೆ. 6ನೇ ಸಾಲಿಗೆ ಖಾಲಿ ಬಿಟ್ಟ 3ನೇ ಸಾಲು ತೂಕವಾಗುತ್ತದೆ, 8ನೇ ಸಾಲಿನ ಅರ್ಜಿದಾರರಿಗೆ 5ನೇ ಸಾಲಿನವರ ಅಂಕವೇ ತೂಕ. ಎರರ್ ಬರುವುದಿಲ್ಲ, ನೋಡಲು ಸಹಜವಾದ ಸಂಖ್ಯೆಗಳೇ ಬರುತ್ತವೆ. ಅದಕ್ಕಾಗಿಯೇ 4ನೇ ಸಾಲು: ಅಲ್ಲಿ ನಾಲ್ಕಕ್ಕೂ 2 ಹಾಕಿ ಅದೇ ಸೂತ್ರ ಇಡಿ, ಉತ್ತರ 20 ಬರಬೇಕು. ಆಮೇಲೆ 104ನೇ ಸಾಲಿನ ಸೂತ್ರವನ್ನು ಒತ್ತಿ ತೆರೆದು ಅಲ್ಲೂ `$F$2:$I$2` ಇದೆಯೇ ನೋಡಿ.

ಈ ತೂಕದಲ್ಲಿ 0ರಿಂದ 20ರ ನಡುವೆ 1 ಮತ್ತು 19 ಬಿಟ್ಟು ಉಳಿದ ಎಲ್ಲ ಮೊತ್ತವೂ ಬರಬಹುದು. ಏಳು ಮೆಟ್ಟಿಲು ಇದ್ದದ್ದು ಹತ್ತೊಂಬತ್ತಾಯಿತು.

---

ಸಾಗರದಿಂದ

`totally` ವಿಷಯ ಹೊಳೆದಿರಲಿಲ್ಲ, ಒಪ್ಪಿದೆ. ಆದರೆ ತೂಕ 3, 3, 2, 2 ಯಾಕೆ? ಟ್ಯಾಲಿಗೆ 37, ಜಿಎಸ್‌ಟಿಗೆ 29, ಮಂಡಿಗೆ 19, ಅನುಭವಕ್ಕೆ 15 ಅಂತ ಇಟ್ಟರೆ ಇಬ್ಬರಿಗೆ ಒಂದೇ ಅಂಕ ಬರುವುದೇ ಅಪರೂಪ. ಸಮಸ್ಯೆ ಅಲ್ಲಿಗೇ ಮುಗಿಯುತ್ತದಲ್ಲ?

---

ಮಂಡಿಲೆಕ್ಕ

ಒಂದೇ ಅಂಕ ಬರುವುದು ಕಡಿಮೆಯಾಗುತ್ತದೆ, ನಿಜ. ಆದರೆ ಜಿಎಸ್‌ಟಿಗೆ 29 ಯಾಕೆ, 31 ಯಾಕಲ್ಲ ಎಂದು ಆಡಳಿತ ಮಂಡಳಿಯಲ್ಲಿ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? "ಟ್ಯಾಲಿ, ಜಿಎಸ್‌ಟಿ ದಿನಾ ಬೇಕು, ಮೊದಲ ವಾರದಿಂದಲೇ ಬೇಕು, ಅದಕ್ಕೆ 3. ಮಂಡಿ ಲೆಕ್ಕ ಇಲ್ಲಿಗೆ ಬಂದ ಮೇಲೂ ಕಲಿಯಬಹುದು, ಅದಕ್ಕೆ 2." ಇಷ್ಟನ್ನು ಎದೆಮುಟ್ಟಿ ಹೇಳಬಹುದು. ಎರಡು ಅರ್ಜಿಯ ನಡುವೆ ಗುಣದಲ್ಲಿ ವ್ಯತ್ಯಾಸ ಇಲ್ಲದಾಗ 29 ಎಂಬ ಸಂಖ್ಯೆ ಇಲ್ಲದ ವ್ಯತ್ಯಾಸ ಹುಟ್ಟಿಸುತ್ತದೆ. ಸಮ ಬಂದರೆ ಸಮ ಎಂದೇ ಕಾಣಲಿ.

---

ಕೊಡಚಾದ್ರಿ_ನೆರಳು

ನೇಮಕಾತಿ ಕೆಲಸ ಬಲ್ಲವಳಾಗಿ ಎರಡು ಸೇರಿಸುತ್ತೇನೆ.

ಮೊದಲನೆಯದು, ಅಂಕ ಹಾಕುವಾಗ `B` ಕಾಲಂ ಮುಚ್ಚಿಡಿ. ನಮ್ಮ ಕಡೆ ಹೆಸರಿನ ಕೊನೆಯ ಪದ ನೋಡಿದ ಕೂಡಲೇ ಊರು, ಜಾತಿ, ಯಾರ ಮನೆಯವರು ಎಂದು ತಲೆ ಲೆಕ್ಕ ಹಾಕಿಬಿಡುತ್ತದೆ. ಕಾಗದದ ಅರ್ಜಿಗಳಿಗೆ ಇನ್ನೊಬ್ಬರಿಂದ ಕ್ರಮಸಂಖ್ಯೆ ಬರೆಸಿ, ಹೆಸರು ಮತ್ತು ಫೋಟೋ ಇರುವ ಮೇಲಿನ ಭಾಗದ ಮೇಲೆ ಒಂದು ಕಾಗದ ಇಟ್ಟು ಓದಿ.

ಎರಡನೆಯದು, ಇಬ್ಬರು ಅಂಕ ಹಾಕುವವರು ಮೊದಲ 10 ಅರ್ಜಿಗಳನ್ನು ಬೇರೆ ಬೇರೆಯಾಗಿ, ಮಾತಾಡದೆ ಹಾಕಿ. ಒಬ್ಬರದು `M1` ಶೀಟ್, ಇನ್ನೊಬ್ಬರದು `M2` ಎಂದಿದ್ದರೆ:

```
=SUMPRODUCT(--('M1'!D5:I14<>'M2'!D5:I14))
```

60 ಸೆಲ್‌ಗಳಲ್ಲಿ ಎಷ್ಟು ಕಡೆ ಅಂಕ ಬೇರೆ ಇದೆ ಎಂದು ಇದು ಹೇಳುತ್ತದೆ. ಐದಾರು ಬಂದರೆ ಮುಂದುವರಿಯಬಹುದು. ಹದಿನೈದು ದಾಟಿದರೆ ಇಬ್ಬರೂ ನಿಯಮವನ್ನು ಬೇರೆ ಬೇರೆ ಓದಿಕೊಂಡಿದ್ದೀರಿ. ಸಾಮಾನ್ಯವಾಗಿ ಜಗಳ ಇರುವುದು ಒಂದೇ ಕಾಲಂನಲ್ಲಿ. ಆ ಕಾಲಂನ ನಿಯಮವನ್ನು ತಿದ್ದಿ ಬರೆದು, ಆ ಹತ್ತನ್ನೂ ಮತ್ತೆ ಹಾಕಿ. ಶೀಟಿನ ಹೆಸರಿನ ಸುತ್ತ ಒಂಟಿ ಉದ್ಧರಣ ಚಿಹ್ನೆ ಮರೆಯಬೇಡಿ. `M1` ಎನ್ನುವುದು ಒಂದು ಸೆಲ್‌ನ ಹೆಸರೂ ಹೌದು.

---

ಹೊಸಬೆಳಕು

ನಾನು ಶಿವಮೊಗ್ಗದವಳು, ಬಿಕಾಂ ಮುಗಿಸಿ ಇಂಥದ್ದೇ ಕೆಲಸಗಳಿಗೆ ಅರ್ಜಿ ಹಾಕುತ್ತಿದ್ದೇನೆ. ಹಾಗಾದರೆ ರೆಸ್ಯೂಮಿನಲ್ಲಿ ಟ್ಯಾಲಿ, ಜಿಎಸ್‌ಟಿ ಅಂತ ಎಷ್ಟು ಸಲ ಬರೆದರೆ ಹೆಚ್ಚು ಅಂಕ ಬರುತ್ತದೆ? ಕನ್ನಡ ಗೊತ್ತು ಅಂತಲೂ ಬರೆಯಬೇಕಾ? ಇದುವರೆಗೆ ಬರೆದೇ ಇಲ್ಲ.

---

ಕೊಡಚಾದ್ರಿ_ನೆರಳು

@ಹೊಸಬೆಳಕು ತಂಗಿ, ಇಲ್ಲಿ ನಡೆಯುತ್ತಿರುವುದು ಅಂಕ ಹಾಕುವವರ ಕಡೆಯ ಚರ್ಚೆ. ಆದರೂ ಹೇಳುತ್ತೇನೆ. ಎಷ್ಟು ಸಲ ಬರೆದಿರಿ ಎಂಬುದಕ್ಕೆ ಅಂಕ ಇಲ್ಲ. ಮಂಡಿಲೆಕ್ಕ ಅವರು ಮೇಲೆ ಬರೆದ 1 ಮತ್ತು 2ರ ನಡುವಿನ ವ್ಯತ್ಯಾಸ ಇನ್ನೊಮ್ಮೆ ಓದಿ. "ಟ್ಯಾಲಿ ಬರುತ್ತದೆ" ಎಂಬುದರ ಬದಲು ಎಲ್ಲಿ, ಎಷ್ಟು ತಿಂಗಳು, ಯಾವ ಬಗೆಯ ನಮೂದು ಹಾಕಿದಿರಿ ಎಂದು ಒಂದು ಸಾಲು ಬರೆಯಿರಿ. ಕಾಲೇಜಿನ ಪ್ರಾಜೆಕ್ಟ್ ಆದರೂ ಸರಿ, ಇದ್ದದ್ದನ್ನು ಇದ್ದ ಹಾಗೆ. ಪ್ರಕಟಣೆಯಲ್ಲಿ ಕನ್ನಡ ಕೇಳಿದ್ದರೆ ಕನ್ನಡ ಬರೆಯಿರಿ, ಊಹಿಸಿಕೊಳ್ಳಲಿ ಎಂದು ಬಿಡಬೇಡಿ.

---

ತುಂಗಾದಡ

ತಂಗಿಯ ಪ್ರಶ್ನೆಯಿಂದ ನನಗೊಂದು ತೊಡಕು ಕಂಡಿತು. 50 ಅರ್ಜಿಗಳಲ್ಲಿ ಸುಮಾರು 20 ಜನ ಕನ್ನಡದ ಮಾತೇ ಎತ್ತಿಲ್ಲ. ಹೊಸನಗರದಲ್ಲಿ ಹೈಸ್ಕೂಲು ಓದಿದವರಿಗೆ ಕನ್ನಡಕ್ಕೆ 0 ಹಾಕಿ ಹೊರಗಿಡುವುದಾ? ಕೆಲವು ಕಡೆ ಹಾಗೇ ಖಾಲಿ ಬಿಟ್ಟಿದ್ದೇನೆ.

---

ಮಂಡಿಲೆಕ್ಕ

ಖಾಲಿ ಬಿಡಬೇಡಿ. ಖಾಲಿ ಸೆಲ್‌ಗೆ ಎರಡು ಅರ್ಥ ಬರುತ್ತದೆ: ಓದಿದೆ, ಸಿಗಲಿಲ್ಲ ಎಂಬುದು ಒಂದು. ಇನ್ನೂ ಓದಿಲ್ಲ ಎಂಬುದು ಇನ್ನೊಂದು. ಸೂತ್ರಗಳೂ ಖಾಲಿಯನ್ನು ಒಂದೇ ರೀತಿ ನೋಡುವುದಿಲ್ಲ. `SUMPRODUCT` ಖಾಲಿಯನ್ನು 0 ಎಂದುಕೊಳ್ಳುತ್ತದೆ. ಆದರೆ `COUNTIF(D5:E5,0)` ಖಾಲಿಯನ್ನು ಎಣಿಸುವುದಿಲ್ಲ. ಹಾಗಾಗಿ "ಬಾಗಿಲಲ್ಲಿ 0 ಇದ್ದರೆ ಹೊರಗೆ" ಎಂದಷ್ಟೇ ಸೂತ್ರ ಬರೆದರೆ, ಪದವಿ ಕಾಲಂ ಖಾಲಿ ಇರುವವರು ನೇರ ಒಳಗೆ ಬಂದುಬಿಡುತ್ತಾರೆ.

ಅರ್ಜಿಯಲ್ಲಿ ಹೇಳಿಲ್ಲ, ಆದರೆ ಇರಬಹುದು ಎನ್ನುವ ಕಡೆ `ಕೇಳು` ಎಂದು ಬರೆಯಿರಿ. ಅನುಮಾನಕ್ಕೆ ಎಡೆಯೇ ಇಲ್ಲದ ಕಡೆ, ಉದಾಹರಣೆಗೆ ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮ ಎಂದು ಅಂಕಪಟ್ಟಿಯೇ ಹೇಳುತ್ತಿದ್ದರೆ, 1 ಹಾಕಿ. `J5`ರಲ್ಲಿ ಸ್ಥಿತಿ:

```
=IF(COUNT(D5:E5)+COUNTIF(D5:E5,"ಕೇಳು")<2,"ಖಾಲಿ",
 IF(COUNTIF(D5:E5,0)>0,"ಹೊರಗೆ","ಒಳಗೆ"))
```

`ಕೇಳು` ಅಕ್ಷರವಾದ್ದರಿಂದ ಮೇಲಿನ `SUMPRODUCT` ಅದನ್ನು 0 ಎಂದು ಹಿಡಿಯುತ್ತದೆ. ಅಂದರೆ `K` ಕಾಲಂನಲ್ಲಿ ಬರುವುದು ಕನಿಷ್ಠ ಅಂಕ. ಕೇಳಿದ ಮೇಲೆ ಎಲ್ಲವೂ ಚೆನ್ನಾಗಿಯೇ ಇದ್ದರೆ ಎಷ್ಟು ಬರಬಹುದು ಎಂಬುದು `L5`ರಲ್ಲಿ:

```
=K5+2*SUMIF(F5:I5,"ಕೇಳು",$F$2:$I$2)
```

ಒಂದು ಎಚ್ಚರ. `SUMPRODUCT` ಒಳಗೆ ಅಲ್ಪವಿರಾಮದ ಬದಲು ಗುಣಾಕಾರದ ನಕ್ಷತ್ರ ಹಾಕಿ `$F$2:$I$2*F5:I5` ಎಂದು ಬರೆದರೆ, `ಕೇಳು` ಇರುವ ಸಾಲಿನಲ್ಲೆಲ್ಲ `#VALUE!` ಬರುತ್ತದೆ. ಅಲ್ಪವಿರಾಮವೇ ಇರಲಿ.

ಒಂದು ಉದಾಹರಣೆ. ಅರ್ಜಿ 41: ಟ್ಯಾಲಿ 2, ಜಿಎಸ್‌ಟಿ `ಕೇಳು`, ಮಂಡಿ 1, ಅನುಭವ 2. ಕನಿಷ್ಠ 6+0+2+4, ಅಂದರೆ 12. ಗರಿಷ್ಠ 12ಕ್ಕೆ 2×3 ಸೇರಿಸಿ 18. ನಿಮ್ಮ ಹನ್ನೆರಡನೇ ಸ್ಥಾನದವರಿಗೆ 13 ಬಂದಿದ್ದರೆ, ಈ ಅರ್ಜಿ ಕನಿಷ್ಠದಲ್ಲಿ ಗೆರೆಯ ಕೆಳಗೆ, ಗರಿಷ್ಠದಲ್ಲಿ ಬಹಳ ಮೇಲೆ. ಇವರಿಗೆ ಒಂದು ಫೋನ್ ಮಾಡುವುದು ನ್ಯಾಯ. ಗರಿಷ್ಠವೂ 13ಕ್ಕಿಂತ ಕಡಿಮೆ ಇದ್ದವರಿಗೆ ಅಂಕಕ್ಕಾಗಿ ಫೋನ್ ಮಾಡುವ ಅಗತ್ಯವಿಲ್ಲ, ಏನು ಹೇಳಿದರೂ ಗೆರೆ ಮುಟ್ಟುವುದಿಲ್ಲ. ನೂರು ಫೋನ್ ಮಾಡುವ ಬದಲು ಹತ್ತು ಹದಿನೈದರಲ್ಲಿ ಮುಗಿಯುತ್ತದೆ.

ಎಲ್ಲ ತುಂಬಿದ ಮೇಲೆ ಇದನ್ನು ಎಲ್ಲಾದರೂ ಬದಿಯಲ್ಲಿ ಹಾಕಿ:

```
=COUNT(D5:I104)+COUNTIF(D5:I104,"ಕೇಳು")
```

600 ಬರಬೇಕು. 598 ಬಂದರೆ ಎರಡು ಸೆಲ್ ಖಾಲಿ, ಅಥವಾ ಸೊನ್ನೆಯ ಜಾಗದಲ್ಲಿ ಇಂಗ್ಲಿಷ್ `O`, ಅಥವಾ `ಕೇಳು` ಬದಲು `ಕೇಳಿ`. ಮೊದಲೇ `Data validation`ನಲ್ಲಿ ಪಟ್ಟಿ ಇಟ್ಟು ಬೇರೆ ಏನು ಬರೆದರೂ ತಿರಸ್ಕರಿಸುವಂತೆ ಮಾಡಿದರೆ ಈ ತೊಂದರೆಯೇ ಇರುವುದಿಲ್ಲ. `D`, `E`ಗೆ `0`, `1`, `ಕೇಳು`. ಉಳಿದವಕ್ಕೆ ಜೊತೆಯಲ್ಲಿ `2`.

---

ಭದ್ರಾವತಿ_ಬೀದಿ

ಅನುಭವದ ಕಾಲಂಗೆ ಕೈಯಲ್ಲಿ ಅಂಕ ಹಾಕಬೇಡಿ. ಇನ್ನೊಂದು ಕಾಲಂನಲ್ಲಿ ತಿಂಗಳ ಲೆಕ್ಕ ಬರೆದು ಸೂತ್ರದಿಂದ ತೆಗೆಯಿರಿ. ತಿಂಗಳು `N`ನಲ್ಲಿದ್ದರೆ `I5`ಗೆ:

```
=IF(N5="","ಕೇಳು",IF(N5>=36,2,IF(N5>=12,1,0)))
```

`N`ನಲ್ಲಿ ಬರೀ ಸಂಖ್ಯೆ ಇರಬೇಕು. "2 ವರ್ಷ" ಎಂದು ಬರೆದರೆ ಅದು ಅಕ್ಷರ, ಹೋಲಿಕೆಯಲ್ಲಿ ಅಕ್ಷರವನ್ನು ಶೀಟು ಸಂಖ್ಯೆಗಿಂತ ದೊಡ್ಡದು ಎಂದುಕೊಳ್ಳುತ್ತದೆ, ಆಗ ಅವರಿಗೆ ಪೂರ್ತಿ 2 ಅಂಕ. ಹೊಸಬರು ಎಂದು ಸ್ಪಷ್ಟವಾಗಿದ್ದರೆ 0 ಎಂದೇ ಬರೆಯಿರಿ. ಒಂದೇ ಅವಧಿಯಲ್ಲಿ ಎರಡು ಕಡೆ ಅರೆಕಾಲಿಕ ಕೆಲಸ ಮಾಡಿದ್ದರೆ ತಿಂಗಳನ್ನು ಎರಡು ಸಲ ಎಣಿಸಬೇಡಿ.

ಸಾರ್ಟ್ ಮಾಡುವಾಗಿನ ದೊಡ್ಡ ಅನಾಹುತ ಹೇಳುತ್ತೇನೆ. ಕೆಲವೇ ಕಾಲಂ ಆಯ್ಕೆ ಮಾಡಿ `Sort range` ಒತ್ತಿದರೆ ಅವಷ್ಟೇ ಜಾಗ ಬದಲಿಸುತ್ತವೆ, ಹೆಸರುಗಳು ಇದ್ದಲ್ಲೇ ಇರುತ್ತವೆ. ಒಬ್ಬರ ಅಂಕ ಇನ್ನೊಬ್ಬರ ಹೆಸರಿಗೆ. ಎಕ್ಸೆಲ್ ಕೆಲವೊಮ್ಮೆ ಒಂದು ಎಚ್ಚರಿಕೆ ಕೊಡುತ್ತದೆ, ಗೂಗಲ್ ಶೀಟ್ಸ್‌ನಲ್ಲಿ ಅದನ್ನು ನಂಬಿ ಕೂರಬೇಡಿ. `A5`ರಿಂದ ಕೊನೆಯ ಕಾಲಂನ 104ರವರೆಗೆ ಪೂರ್ತಿ ಆಯ್ಕೆ ಮಾಡಿ. ಸಾರ್ಟ್ ಆದ ಮೇಲೆ ಮೂರು ಕ್ರಮಸಂಖ್ಯೆ ಆರಿಸಿ ಕಾಗದದ ಅರ್ಜಿಯ ಜೊತೆ ತಾಳೆ ನೋಡಿ. ಕ್ರಮಸಂಖ್ಯೆಯನ್ನು ಸೂತ್ರದಿಂದ ತರಬೇಡಿ, ಟೈಪ್ ಮಾಡಿದ ಸಂಖ್ಯೆಯಾಗಿರಲಿ. `ROW()` ಹಾಕಿದರೆ ಸಾರ್ಟ್ ಆದ ಕೂಡಲೇ ಅದೂ ಬದಲಾಗಿ, ಹಿಂದಿನ ಕ್ರಮಕ್ಕೆ ಮರಳುವ ದಾರಿ ಇರುವುದಿಲ್ಲ.

---

ತುಂಗಾದಡ

ನೂರೂ ಮುಗಿಯಿತು. ಮೊದಲ ಹತ್ತರಲ್ಲಿ ನಮ್ಮಿಬ್ಬರ ನಡುವೆ 17 ಕಡೆ ವ್ಯತ್ಯಾಸ ಬಂತು, ಅದರಲ್ಲಿ 9 ಮಂಡಿ ಕಾಲಂನಲ್ಲೇ. "ಸಹಕಾರ ಸಂಘದಲ್ಲಿ ಗುಮಾಸ್ತ" ಎಂದಷ್ಟೇ ಇದ್ದರೆ 0ಯೋ 1ಓ ಎಂಬುದು ಬರೆದಿರಲಿಲ್ಲ. ಲೆಕ್ಕದ ಕೆಲಸ ಎಂದು ಇಲ್ಲದಿದ್ದರೆ `ಕೇಳು` ಎಂದು ಸೇರಿಸಿದ ಮೇಲೆ 4ಕ್ಕೆ ಇಳಿಯಿತು.

ಮೂರು ಜನ ಅಂಚೆಯಲ್ಲೂ ವಾಟ್ಸಾಪ್‌ನಲ್ಲೂ ಎರಡೆರಡು ಸಲ ಕಳಿಸಿದ್ದಾರೆ. ಕಣ್ಣಿಗೆ ಬಿದ್ದದ್ದು ಅಷ್ಟು, ಇನ್ನೂ ಇರಬಹುದೇ? ಮತ್ತೆ ಸ್ಥಾನ. `RANK` ಹಾಕಿದರೆ ಹೊರಗಿನವರೂ ಅದರಲ್ಲಿ ಸೇರಿಕೊಳ್ಳುತ್ತಿದ್ದಾರೆ.

---

ಮಂಡಿಲೆಕ್ಕ

ಎರಡೆರಡು ಅರ್ಜಿಗೆ ಫೋನ್ ಸಂಖ್ಯೆ ನೋಡಿ. ಕೆಲವರು +91 ಹಾಕಿರುತ್ತಾರೆ, ಕೆಲವರು ನಡುವೆ ಜಾಗ ಬಿಟ್ಟಿರುತ್ತಾರೆ. `Q5`ರಲ್ಲಿ ಕೊನೆಯ ಹತ್ತು ಅಂಕಿ ತೆಗೆದು, `R5`ರಲ್ಲಿ ಎಣಿಸಿ:

```
Q5: =RIGHT(SUBSTITUTE(C5," ",""),10)
R5: =COUNTIF($Q$5:$Q$104,Q5)
```

2 ಬಂದ ಸಾಲುಗಳನ್ನು ತೆರೆದು ನೋಡಿ. ಅಕ್ಕ-ತಂಗಿ ಮನೆಯ ಒಂದೇ ಫೋನ್ ಕೊಟ್ಟಿರಬಹುದು, ಹಾಗಾಗಿ ನೋಡದೆ ಅಳಿಸಬೇಡಿ. ನಿಜವಾಗಿ ಒಬ್ಬರದೇ ಆದರೆ ಎರಡರಲ್ಲೂ ಇರುವ ಮಾಹಿತಿಯನ್ನು ಒಂದು ಸಾಲಿಗೆ ಸೇರಿಸಿ, ಇನ್ನೊಂದರ `D`ಗೆ 0 ಹಾಕಿ, ಬದಿಯಲ್ಲಿ "ನಕಲು" ಎಂದು ಬರೆಯಿರಿ. ಸಾಲನ್ನೇ ಅಳಿಸಿದರೆ ನೂರರ ಲೆಕ್ಕ, 600ರ ತಾಳೆ ಎರಡೂ ತಪ್ಪುತ್ತವೆ.

ಸ್ಥಾನಕ್ಕೆ `RANK` ಬಿಟ್ಟು, ಒಳಗಿರುವವರಲ್ಲಿ ತನಗಿಂತ ಹೆಚ್ಚು ಅಂಕದವರು ಎಷ್ಟು ಎಂದು ಎಣಿಸಿ ಒಂದು ಸೇರಿಸಿ:

```
=IF(J5="ಒಳಗೆ",COUNTIFS($J$5:$J$104,"ಒಳಗೆ",
 $K$5:$K$104,">"&K5)+1,"")
```

ಈಗ 3ನೇ ಸಾಲಿನ ಕೆಲಸ. ಅಲ್ಲಿ ಬೇರೆ ತೂಕ ಇಡಿ, ಜಿಎಸ್‌ಟಿ 4 ಮಾಡಿ, ಉಳಿದದ್ದು ಹಾಗೇ. `O5`ರಲ್ಲಿ:

```
=SUMPRODUCT($F$3:$I$3,F5:I5)
```

ಎರಡು ಅರ್ಜಿ ತೆಗೆದುಕೊಳ್ಳಿ. ಒಬ್ಬರಿಗೆ ಟ್ಯಾಲಿ 2, ಜಿಎಸ್‌ಟಿ 2, ಮಂಡಿ 0, ಅನುಭವ 1. ಇನ್ನೊಬ್ಬರಿಗೆ ಟ್ಯಾಲಿ 1, ಜಿಎಸ್‌ಟಿ 1, ಮಂಡಿ 2, ಅನುಭವ 2. ಮೊದಲ ತೂಕದಲ್ಲಿ ಇಬ್ಬರಿಗೂ 14. ಜಿಎಸ್‌ಟಿ 4 ಮಾಡಿದರೆ 16 ಮತ್ತು 15. ಅದರ ಬದಲು ಮಂಡಿಯನ್ನು 3 ಮಾಡಿದರೆ 14 ಮತ್ತು 16. ತೂಕ ಒಂದೇ ಒಂದು ಬದಲಾದರೆ ಮುಂದಿನವರು ಹಿಂದೆ, ಹಿಂದಿನವರು ಮುಂದೆ. ಹಾಗಾಗಿ 5ನೇ ಸ್ಥಾನದವರು 8ನೆಯವರಿಗಿಂತ ಉತ್ತಮ ಎಂದು ಈ ಶೀಟಿನ ಬಲದ ಮೇಲೆ ಹೇಳಬೇಡಿ. ನಾಲ್ಕು ತೂಕಗಳನ್ನೂ ಒಂದೊಂದಾಗಿ 1 ಏರಿಸಿ ನೋಡಿ. ಪ್ರತಿ ಸಲವೂ ಮೊದಲ 12ರಲ್ಲಿ ಇರುವವರನ್ನು ಹಾಗೇ ಕರೆಯಿರಿ. ಒಮ್ಮೆಯೂ ಬರದವರನ್ನು ಬಿಡಿ. ಒಮ್ಮೆ ಬಂದು ಒಮ್ಮೆ ಹೋಗುವವರ ಅರ್ಜಿಗಳನ್ನು ಮಾತ್ರ ಇನ್ನೊಮ್ಮೆ ಕೂತು ಓದಿ.

---

ತುಂಗಾದಡ

ಮಾಡಿದೆ. 5 ನಕಲು ಸಿಕ್ಕವು, ಎರಡು ನನ್ನ ಕಣ್ಣು ತಪ್ಪಿಸಿದ್ದವು. ಪದವಿ ಇಲ್ಲದವರು 21. ಕನ್ನಡ ಕಾಲಂನಲ್ಲಿ `ಕೇಳು` ಇದ್ದವರಲ್ಲಿ ಗರಿಷ್ಠ ಅಂಕ ಗೆರೆ ಮುಟ್ಟುವವರಿಗೆ ಮಾತ್ರ ಫೋನ್ ಮಾಡಿದೆವು, ಒಟ್ಟು 16 ಕರೆ. ಮಳೆಗೆ ಮೂರು ಜನರ ಫೋನ್ ಸಿಗಲಿಲ್ಲ, ಸಂಜೆ ಮತ್ತೆ ಪ್ರಯತ್ನ. ಈಗ 10 ಜನ 13ಕ್ಕಿಂತ ಮೇಲೆ. 11ನೇ ಸ್ಥಾನದಲ್ಲಿ 13 ಅಂಕದವರು ನಾಲ್ಕು ಜನ. 12 ಎಂದರೆ ಇವರಲ್ಲಿ ಇಬ್ಬರನ್ನು ಬಿಡಬೇಕು.

ಮಂಡಳಿಯ ಒಬ್ಬರು "ಹತ್ತಿರದ ಊರಿನವರಿಗೆ ಒಂದು ಕಾಲಂ ಸೇರಿಸಿ, ಮಳೆಗಾಲದಲ್ಲಿ ದೂರದವರು ದಿನಾ ಬರಲು ಆಗುವುದಿಲ್ಲ" ಎನ್ನುತ್ತಿದ್ದಾರೆ.

---

ಕೊಡಚಾದ್ರಿ_ನೆರಳು

ಪ್ರಕಟಣೆಯಲ್ಲಿ ಕೇಳದ ಅರ್ಹತೆಗೆ ಅಂಕ ಕೊಡುವುದು ತಪ್ಪು. ಹೆಸರುಗಳು ಕಂಡ ಮೇಲೆ ಕಾಲಂ ಸೇರಿಸುವುದು ಇನ್ನೂ ತಪ್ಪು, ಯಾರನ್ನೋ ಮನಸ್ಸಿನಲ್ಲಿಟ್ಟು ಸೇರಿಸಿದ ಹಾಗೆ ಆಗುತ್ತದೆ. ಉಳಿಯಲು ಏನು ವ್ಯವಸ್ಥೆ ಎಂದು ಸಂದರ್ಶನದಲ್ಲಿ ಎಲ್ಲರನ್ನೂ ಕೇಳಿ.

---

ಭದ್ರಾವತಿ_ಬೀದಿ

ಅಕ್ಕ, ನನಗೆ ಅಷ್ಟು ಸರಳ ಅನಿಸುವುದಿಲ್ಲ. ಬೆಳಿಗ್ಗೆ ಏಳಕ್ಕೆ ಅಡಿಕೆ ತೂಕಕ್ಕೆ ನಿಲ್ಲಬೇಕಾದ ಕೆಲಸವಾದರೆ ಜುಲೈನಲ್ಲಿ ಐವತ್ತು ಕಿಲೋಮೀಟರ್ ದೂರ ಎಂಬುದು ನಿಜವಾದ ಅಡಚಣೆಯೇ. ಅದನ್ನು ಪ್ರಕಟಣೆಯಲ್ಲಿ ಹಾಕದೇ ಇದ್ದದ್ದು ಸಂಘದ ತಪ್ಪು, ಒಪ್ಪುತ್ತೇನೆ. ಆದರೂ ಸಮ ಅಂಕದ ನಾಲ್ವರ ನಡುವೆ ಮಾತ್ರ ಅದನ್ನು ನೋಡಿದರೆ ಏನು ತಪ್ಪು?

---

ಮಂಡಿಲೆಕ್ಕ

ದೂರದ ವಿಷಯದಲ್ಲಿ ನಿಮ್ಮಿಬ್ಬರಲ್ಲಿ ಯಾರ ಕಡೆ ನಿಲ್ಲಬೇಕು ಎಂದು ನನಗೆ ತೀರ್ಮಾನ ಆಗುತ್ತಿಲ್ಲ. ಆದರೆ @ತುಂಗಾದಡ, ನಾಲ್ವರನ್ನೂ ಕರೆಯಿರಿ, 14 ಜನ ಆಗಲಿ. ಒಬ್ಬರಿಗೆ 20 ನಿಮಿಷ ಎಂದರೆ ಇಬ್ಬರು ಹೆಚ್ಚಾಗಿ 40 ನಿಮಿಷ ಹೆಚ್ಚು, ಅಷ್ಟಕ್ಕೆ ಮಂಡಳಿ ಒಪ್ಪಬಹುದು. ಒಪ್ಪದಿದ್ದರೆ ತೂಕ ಬದಲಿಸಿದಾಗ ಆ ನಾಲ್ವರಲ್ಲಿ ಯಾರು ಎಷ್ಟು ಸಲ 12ರ ಒಳಗೆ ಉಳಿದರು ಎಂದು ಇಲ್ಲಿ ಹಾಕಿ, ಹೆಸರು ಬೇಡ, ಕ್ರಮಸಂಖ್ಯೆ ಸಾಕು.

---

ತುಂಗಾದಡ

ನಾಲ್ಕು ಸಲ ತೂಕ ಏರಿಸಿದ್ದರಲ್ಲಿ ಅರ್ಜಿ 18 ನಾಲ್ಕೂ ಸಲ ಒಳಗೆ ಇತ್ತು, 72 ಮೂರು ಸಲ, 35 ಮತ್ತು 90 ಎರಡೆರಡು ಸಲ. 90ನೇ ಅರ್ಜಿಯ ಮಂಡಿ ಕಾಲಂನಲ್ಲಿ ಇನ್ನೂ `ಕೇಳು` ಇದೆ, ಫೋನ್ ಸಿಗದ ಮೂವರಲ್ಲಿ ಅವರೂ ಒಬ್ಬರು. ಸಂಜೆ ಅವರು ಸಿಕ್ಕಿದ ಮೇಲೆ ಮಂಡಳಿಗೆ 14ರ ಪಟ್ಟಿ ಕೊಡುತ್ತೇನೆ, ಜೊತೆಗೆ ಅಂಕದ ನಿಯಮದ ಹಾಳೆಯನ್ನೂ ಇಡುತ್ತೇನೆ.